ನೇವಿ ಪ್ಯಾಂಟಿಗೆ ಹೊಳಪು, ಬಿಳಿ ಕಾಲರಿಗೆ ಕಂದು ಕಲೆ: ಇಸ್ತ್ರಿ ಪೆಟ್ಟಿಗೆಯ ಕೆಳಗೆ ಏನಾಗುತ್ತದೆ?

ಪ್ರಶ್ನೆ: ನಾವು ಉಡುಪಿಯವರು. ಮಗನ ಯೂನಿಫಾರ್ಮ್ ಪ್ಯಾಂಟ್ ನೇವಿ ಬ್ಲೂ. ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಹಾಗಾಗಿ ಬೆಳಿಗ್ಗೆ ಇಸ್ತ್ರಿ ಹಾಕಿಯೇ ಒಣಗಿಸುತ್ತೇನೆ. ಎರಡು ತಿಂಗಳಲ್ಲಿ ಜೇಬಿನ ಅಂಚು, ಹೊಲಿಗೆ, ಕಾಲಿನ ಮಡಿಕೆ ಮೇಲೆ ಹೊಳಪು ಬಂದಿದೆ. ಬಿಳಿ ಶರ್ಟಿನ ಕಾಲರಿನಲ್ಲಿ ಕಂದು ಕಲೆ. ಇದೇ ಪೆಟ್ಟಿಗೆಯಲ್ಲಿ ಅಮ್ಮನ ಕಾಟನ್ ಸೀರೆಗೆ ಏನೂ ಆಗಿಲ್ಲ. ಹೊಳಪು ಹೋಗುತ್ತದಾ? ಕಲೆ ಹೋಗುತ್ತದಾ?

ಉತ್ತರ: ಮೊದಲು ಪ್ಯಾಂಟನ್ನು ಕಿಟಕಿ ಹತ್ತಿರ ಹಿಡಿದು ಓರೆಯಾಗಿ ನೋಡಿ. ಹೊಳಪು ಎಲ್ಲೆಲ್ಲಿ ಬಂದಿದೆ ಅಂತ ಗಮನಿಸಿ. ಒಳಗೆ ಜೇಬಿನ ಚೀಲ ಎಲ್ಲಿ ಮುಗಿಯುತ್ತದೋ ಅಲ್ಲೇ ಒಂದು ಗೆರೆ ಎಳೆದ ಹಾಗೆ ಹೊಳೆಯುತ್ತಿರಬೇಕು. ಹೊಲಿಗೆಯ ಎರಡೂ ಬದಿಗೆ, ಒಳಗೆ ಬಿಟ್ಟ ಬಟ್ಟೆಯ ಅಗಲಕ್ಕೆ ಸರಿಯಾಗಿ ಎರಡು ಪಟ್ಟಿ ಕಾಣುತ್ತಿರಬೇಕು. ಹಾಗಿದ್ದರೆ ಅದು ಇಸ್ತ್ರಿಯಿಂದಲೇ ಬಂದ ಹೊಳಪು. ಬೆಂಚಿನಲ್ಲಿ ಕೂತು ಉಜ್ಜಿ ಬರುವ ಹೊಳಪು ಹೀಗಿರುವುದಿಲ್ಲ. ಅದು ಹಿಂಭಾಗದಲ್ಲಿ, ತೊಡೆಯ ಕೆಳಗೆ, ಅಂಚೇ ಇಲ್ಲದೆ ಹರಡಿರುತ್ತದೆ.

ಇನ್ನು ಒಂದು ಭೂತಗನ್ನಡಿ ಇದ್ದರೆ ಆ ಜಾಗವನ್ನೂ, ಪಕ್ಕದ ಚೆನ್ನಾಗಿರುವ ಜಾಗವನ್ನೂ ನೋಡಿ. ಚೆನ್ನಾಗಿರುವ ಕಡೆ ನೂಲಿನ ಮೇಲೆ ಸಣ್ಣ ಸಣ್ಣ ಎಳೆಗಳು ಎದ್ದು ನಿಂತಿರುತ್ತವೆ. ಬೆಳಕು ಬಿದ್ದರೆ ಅದು ನಾಲ್ಕೂ ಕಡೆ ಚದುರುತ್ತದೆ. ಹೊಳಪಿನ ಜಾಗದಲ್ಲಿ ಆ ಎಳೆಗಳು ಮಲಗಿರುತ್ತವೆ. ನೂಲಿನ ಮೇಲ್ಭಾಗ ಚಪ್ಪಟೆಯಾಗಿ, ಓಲೆಗರಿಯ ಹಾಗೆ ನುಣುಪಾಗಿರುತ್ತದೆ. ಅಲ್ಲಿ ಬಿದ್ದ ಬೆಳಕು ಚದುರದೆ ಒಂದೇ ಕಡೆಗೆ ಹೊರಳಿ ನಿಮ್ಮ ಕಣ್ಣಿಗೆ ಬರುತ್ತದೆ. ಹೊಳಪು ಅಂದರೆ ಇಷ್ಟೇ. ಬಟ್ಟೆಗೆ ಏನೂ ಅಂಟಿಕೊಂಡಿಲ್ಲ, ಬಟ್ಟೆಯ ಮೈಯೇ ಆಕಾರ ಬದಲಿಸಿದೆ. ಅದಕ್ಕೇ ಎಷ್ಟು ತೊಳೆದರೂ ಹೋಗುವುದಿಲ್ಲ.

ಬಿಳಿ ಶರ್ಟಿಗೂ ಇದೇ ಆಗುತ್ತದೆ, ಆದರೆ ಕಾಣುವುದಿಲ್ಲ. ಬಿಳಿ ಬಟ್ಟೆ ಹೇಗೂ ಎಲ್ಲ ಕಡೆಯಿಂದ ಬೆಳಕು ಹೊರಗೆ ಬಿಡುತ್ತದೆ. ಅದರ ನಡುವೆ ಈ ಸಣ್ಣ ಮಿಂಚು ಮುಚ್ಚಿಹೋಗುತ್ತದೆ. ನೇವಿ, ಕಪ್ಪು, ಗಾಢ ಬೂದು ಬಟ್ಟೆ ಬೆಳಕನ್ನು ನುಂಗುತ್ತದೆ. ಹಾಗಾಗಿ ಚಪ್ಪಟೆಯಾದ ಜಾಗದ ಮಿಂಚೊಂದೇ ಎದ್ದು ಕಾಣುತ್ತದೆ.

ಈಗ ಅಮ್ಮನ ಸೀರೆಗೆ ಏನೂ ಆಗದೆ ಪ್ಯಾಂಟಿಗೆ ಮಾತ್ರ ಯಾಕೆ ಆಯಿತು ಅನ್ನುವುದಕ್ಕೆ ಬರುತ್ತೇನೆ.

ನೀರಿನ ಪ್ಲಾಸ್ಟಿಕ್ ಬಾಟಲಿಗೆ ಯಾವಾಗಲಾದರೂ ಕುದಿಯುವ ನೀರು ಹಾಕಿದ್ದೀರಾ? ಕ್ಷಣದಲ್ಲಿ ಮುದುಡಿ ಸೊಟ್ಟಗಾಗುತ್ತದೆ. ಆ ಬಾಟಲಿಯೂ ಪಾಲಿಯೆಸ್ಟರ್ ಪ್ಯಾಂಟೂ ಒಂದೇ ವಸ್ತು. ಅದರ ಗುಣವೆಂದರೆ, ಸುಮಾರು 70ರಿಂದ 80 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಮೆತ್ತಗಾಗಲು ಶುರುವಾಗುತ್ತದೆ. ಕರಗುವುದು ಮಾತ್ರ 250-260 ಡಿಗ್ರಿಯಲ್ಲಿ. ಹಾಗಾದರೆ ಬಿಸಿನೀರಿನಲ್ಲಿ ನೆನೆಸಿದ ಪ್ಯಾಂಟ್ ಬಾಟಲಿಯ ಹಾಗೆ ಯಾಕೆ ಮುದುಡುವುದಿಲ್ಲ? ಯಾಕೆಂದರೆ ಮಿಲ್ಲಿನಲ್ಲೇ ಆ ಬಟ್ಟೆಯನ್ನು ಬಿಗಿಯಾಗಿ ಹಿಡಿದು, ಸುಮಾರು 180-200 ಡಿಗ್ರಿ ಬಿಸಿಗಾಳಿಯಲ್ಲಿ ಹಾಯಿಸಿ ಹದ ಮಾಡಿರುತ್ತಾರೆ. ಆಗ ಎಳೆಯ ಒಳಗೆ ಗಟ್ಟಿಯಾದ ಹರಳಿನಂಥ ಭಾಗಗಳು ಬೆಳೆದು, ಮೆತ್ತಗಿನ ಭಾಗವನ್ನು ಹಿಡಿದಿಟ್ಟುಕೊಳ್ಳುತ್ತವೆ. ಆ ಹದದ ಬಿಸಿಗಿಂತ ಸಾಕಷ್ಟು ಕೆಳಗೆ ನೀವು ಇಸ್ತ್ರಿ ಹಾಕಿದರೆ ಎಳೆ ತನ್ನ ಆಕಾರ ಉಳಿಸಿಕೊಳ್ಳುತ್ತದೆ. ಅದರ ಹತ್ತಿರ ಹೋದರೆ, ಮೇಲಿಂದ ಪೆಟ್ಟಿಗೆಯ ಒತ್ತಡವೂ ಇದ್ದರೆ, ಎಳೆ ಚಪ್ಪಟೆಯಾಗುತ್ತದೆ. ತಣ್ಣಗಾದಾಗ ಚಪ್ಪಟೆಯಾಗಿಯೇ ನಿಲ್ಲುತ್ತದೆ. ಪ್ಯಾಂಟಿನ ಮಡಿಕೆ ಗೆರೆ ದಿನವಿಡೀ ಚೂಪಾಗಿ ನಿಲ್ಲುವುದೂ ಇದೇ ಗುಣದಿಂದ. ನಮಗೆ ಬೇಕಾದ ಗೆರೆ, ಬೇಡದ ಹೊಳಪು, ಎರಡಕ್ಕೂ ಕಾರಣ ಒಂದೇ.

ಹತ್ತಿಯ ಸ್ವಭಾವ ಬೇರೆ. ಅದು ಕಾಗದದ ಹಾಗೆ. ಕಾಗದ ಕರಗುವುದಿಲ್ಲ ಅಲ್ವಾ? ಬಿಸಿ ಜಾಸ್ತಿಯಾದರೆ ಹಳದಿಯಾಗುತ್ತದೆ, ಕಂದಾಗುತ್ತದೆ, ಕೊನೆಗೆ ಸುಡುತ್ತದೆ. ಅದಕ್ಕೇ ಕಾಟನ್ ಸೀರೆ ಮೇಲೆ 200 ಡಿಗ್ರಿಯ ಪೆಟ್ಟಿಗೆ ಓಡಿಸಬಹುದು, ನಿಲ್ಲಿಸದೆ ಓಡಿಸುತ್ತಿದ್ದರೆ. ಗಂಜಿ ತಿಳಿ ಹಾಕಿದ ಸೀರೆಗೆ ಬರುವ ಸಣ್ಣ ಹೊಳಪು ಗಂಜಿಯದ್ದು. ಅದನ್ನು ನಾವು ಬೇಕೆಂದೇ ತರಿಸುತ್ತೇವೆ, ಮುಂದಿನ ಒಗೆತಕ್ಕೆ ಹೋಗುತ್ತದೆ.

ಬಟ್ಟೆಯ ಲೇಬಲ್‌ನಲ್ಲಿ ಇಸ್ತ್ರಿ ಪೆಟ್ಟಿಗೆಯ ಚಿತ್ರ, ಒಳಗೆ ಚುಕ್ಕೆಗಳಿರುತ್ತವೆ. ಒಂದು ಚುಕ್ಕೆ ಅಂದರೆ ಪೆಟ್ಟಿಗೆಯ ತಳ ಹೆಚ್ಚೆಂದರೆ 110 ಡಿಗ್ರಿ. ಎರಡು ಚುಕ್ಕೆ 150. ಮೂರು ಚುಕ್ಕೆ 200. ನಿಮ್ಮ ಪ್ಯಾಂಟಿಗೆ ಎರಡು ಚುಕ್ಕೆಯೇ ಗಡಿ. ಸಾಮಾನ್ಯವಾಗಿ ಇಂಥ ಯೂನಿಫಾರ್ಮ್ ಬಟ್ಟೆ ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ಸೇರಿಸಿ ನೇಯ್ದದ್ದು, ಪಾಲಿಯೆಸ್ಟರ್ ಪಾಲು ಜಾಸ್ತಿ. ವಿಸ್ಕೋಸ್ ಮರದ ತಿರುಳಿನಿಂದ ಬರುವ ನೂಲು, ಹತ್ತಿಯ ಹಾಗೆ ಕರಗುವುದಿಲ್ಲ. ಮಿಶ್ರ ಬಟ್ಟೆಗೆ ಇಸ್ತ್ರಿ ಹಾಕುವಾಗ ಯಾವ ನೂಲು ಬಿಸಿ ತಡೆಯುವುದಿಲ್ಲವೋ ಅದರ ಲೆಕ್ಕವನ್ನೇ ಹಿಡಿಯಬೇಕು. ಶೇಕಡಾ ಎಷ್ಟು ಇದೆ ಅನ್ನುವುದು ಮುಖ್ಯವಲ್ಲ.

ಲೇಬಲ್ ಹರಿದುಹೋಗಿದ್ದರೆ ಪ್ಯಾಂಟಿನ ಕಾಲಿನ ಒಳಮಡಿಕೆಯಿಂದ ಒಂದಿಂಚು ನೂಲು ಎಳೆದು, ಚಿಮಟದಲ್ಲಿ ಹಿಡಿದು, ತಟ್ಟೆಯ ಮೇಲೆ ಬೆಂಕಿಕಡ್ಡಿ ತೋರಿಸಿ. ಹತ್ತಿ, ವಿಸ್ಕೋಸ್ ಆದರೆ ಕಾಗದ ಸುಟ್ಟ ವಾಸನೆ ಬಂದು ಹಗುರ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಜ್ವಾಲೆಯಿಂದ ಹಿಂದಕ್ಕೆ ಸರಿದು ಮುದುಡಿ, ಕರಗಿ, ತಣ್ಣಗಾದ ಮೇಲೆ ಗಟ್ಟಿ ಮಣಿಯಾಗುತ್ತದೆ. ಮಿಶ್ರವಾದರೆ ಬೂದಿಯ ಜೊತೆ ಗಟ್ಟಿ ಚೂರು ಸಿಗುತ್ತದೆ. ಗಟ್ಟಿ ಚೂರು ಸಿಕ್ಕರೆ ಮೂರು ಚುಕ್ಕೆಯ ಕಡೆ ಹೋಗಲೇಬೇಡಿ.

ನಿಮ್ಮ ತೊಂದರೆಯ ಬೇರು ಇರುವುದು ಇಸ್ತ್ರಿಯಲ್ಲೇ ಒಣಗಿಸುವುದರಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಮನೆಯಲ್ಲೂ ಇದೇ ನಡೆಯುತ್ತದೆ.

ಒಣಗಿದಾಗ 400 ಗ್ರಾಂ ತೂಗುವ ಪ್ಯಾಂಟ್ ಬೆಳಿಗ್ಗೆ 500 ಗ್ರಾಂ ಇದೆ ಅಂದುಕೊಳ್ಳಿ. ಒಳಗೆ 100 ಗ್ರಾಂ ನೀರಿದೆ. ಆ ನೀರನ್ನು ಕಾಯಿಸಿ ಆವಿ ಮಾಡಲು 1000 ವಾಟಿನ ಪೆಟ್ಟಿಗೆ ತನ್ನ ಬಿಸಿಯನ್ನೆಲ್ಲ ಒಂದು ಚೂರೂ ಹಾಳಾಗದೆ ಕೊಟ್ಟರೂ ನಾಲ್ಕು ನಿಮಿಷಕ್ಕಿಂತ ಜಾಸ್ತಿ ಬೇಕು. ನಿಜವಾಗಿ ಅರ್ಧ ಬಿಸಿ ಗಾಳಿಗೆ, ಮೇಜಿಗೆ ಹೋಗುತ್ತದೆ. ಹಾಗಾಗಿ ಎಂಟು ಹತ್ತು ನಿಮಿಷ. ಶಾಲೆಯ ಬಸ್ಸು ಬರುವ ಹೊತ್ತು. ಬೇಗ ಆಗಲಿ ಅಂತ ನೀವು ಬಿಸಿಯನ್ನು ಕಾಟನ್‌ಗೆ ತಿರುಗಿಸುತ್ತೀರಿ, ಕೈ ಊರಿ ಒತ್ತುತ್ತೀರಿ. ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಹೀಗೇ.

ಬಟ್ಟೆಯಲ್ಲಿ ನೀರು ಇರುವವರೆಗೆ ಅಪಾಯ ಕಡಿಮೆ. ನೀರು ಆವಿಯಾಗುತ್ತಾ ಇರುವಷ್ಟು ಹೊತ್ತು ಬಟ್ಟೆಯ ಬಿಸಿ 100 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ. ಪೆಟ್ಟಿಗೆ 200 ಇದ್ದರೂ ನೀರು ಬಟ್ಟೆಯನ್ನು ಕಾಯುತ್ತದೆ. ಗಂಜಿ ಅನ್ನದ ಪಾತ್ರೆ ನೀರಿರುವವರೆಗೆ ಸೀಯುವುದಿಲ್ಲ, ನೀರು ಬತ್ತಿದ ಕೂಡಲೇ ತಳ ಹಿಡಿಯುತ್ತದಲ್ಲ, ಹಾಗೆ. ನೀರು ಮುಗಿದ ಕ್ಷಣದಿಂದ ಬಟ್ಟೆಯ ಬಿಸಿ ಸರ್ರನೆ ಮೇಲೇರಿ ಪೆಟ್ಟಿಗೆಯ ಬಿಸಿಗೇ ಹೋಗಿ ಸೇರುತ್ತದೆ.

ಈಗ ಜೇಬಿನ ಜಾಗ ನೋಡಿ. ಅಲ್ಲಿ ಮೇಲೆ ಪ್ಯಾಂಟಿನ ಬಟ್ಟೆ, ಕೆಳಗೆ ಜೇಬಿನ ಎರಡು ಪದರ, ಅಂಚಿನಲ್ಲಿ ಮಡಿಸಿ ಹೊಲಿದದ್ದು, ಅದರ ಕೆಳಗೆ ಇನ್ನೊಂದು ಮಗ್ಗುಲು. ನಾಲ್ಕೈದು ಪದರ. ಪೆಟ್ಟಿಗೆ ಮುಟ್ಟುವುದು ಮೇಲಿನ ಪದರವನ್ನು. ಅದು ಎಲ್ಲಕ್ಕಿಂತ ಮೊದಲು ಒಣಗುತ್ತದೆ. ಕೆಳಗಿನ ಪದರ ಇನ್ನೂ ಒದ್ದೆ ಅಂತ ಕೈಗೆ ತಾಗುತ್ತದೆ. ನೀವು ಒತ್ತುತ್ತಲೇ ಇರುತ್ತೀರಿ. ಕೆಳಗಿನದು ಒಣಗುವಷ್ಟು ಹೊತ್ತೂ ಮೇಲಿನದು ನೀರಿನ ಕಾವಲಿಲ್ಲದೆ ಸುಡು ಲೋಹಕ್ಕೆ ಅಂಟಿಕೊಂಡಿರುತ್ತದೆ. ಸಾಲದ್ದಕ್ಕೆ ಆ ಜಾಗ ದಪ್ಪ, ಸುತ್ತಲಿನದಕ್ಕಿಂತ ಎತ್ತರ. ಪೆಟ್ಟಿಗೆಯ ಭಾರ, ನಿಮ್ಮ ಕೈಯ ಭಾರ ಎಲ್ಲ ಆ ಕಿರಿದಾದ ಏಣಿನ ಮೇಲೇ ಬೀಳುತ್ತದೆ. ಬಿಸಿ, ಒತ್ತಡ, ಹೊತ್ತು ಮೂರೂ ಒಂದೇ ಗೆರೆಯ ಮೇಲೆ ಸೇರುತ್ತವೆ. ಅದಕ್ಕೇ ಹೊಳಪು ಜೇಬಿನ ಆಕಾರದಲ್ಲೇ ಬರುತ್ತದೆ.

ನನ್ನ ಕೈಯಿಂದಲೂ ಇದು ಆಗಿದೆ. ಮಂಗಳೂರಿನ ಒಂದು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಕಾಲ. ಜುಲೈ ತಿಂಗಳು. ಕಪ್ಪು ಪ್ಯಾಂಟ್ ಒಂದಕ್ಕೆ ಸೊಂಟಪಟ್ಟಿ ಒಣಗಲಿಲ್ಲ ಅಂತ ಪೆಟ್ಟಿಗೆಯನ್ನು ಹಾಗೇ ಇಟ್ಟು ಒತ್ತಿದೆ. ಎತ್ತುವಾಗ ಸಣ್ಣದಾಗಿ ಅಂಟಿದ ಹಾಗೆ, ಟೇಪ್ ಕಿತ್ತ ಹಾಗೆ ಸದ್ದು ಬಂತು. ಬೆಲ್ಟ್ ಹಾಕುವ ಪಟ್ಟಿಯ ಅಚ್ಚು ಬಟ್ಟೆಯಲ್ಲಿ ಮೂಡಿತ್ತು. ಆ ಪ್ಯಾಂಟಿನ ಬೆಲೆ ಅಂಗಡಿಯವರು ಗ್ರಾಹಕರಿಗೆ ಕೊಟ್ಟರು. ಅವತ್ತಿನಿಂದ ಆ ಸದ್ದು ನನಗೆ ಗುರುತಾಗಿ ಉಳಿದಿದೆ. ಪೆಟ್ಟಿಗೆ ಜಾರದೆ ಸ್ವಲ್ಪ ಹಿಡಿದ ಹಾಗೆ ಅನಿಸಿದರೆ ಎಳೆಯ ಮೈ ಮೆತ್ತಗಾಗಿದೆ ಅಂತಲೇ ಅರ್ಥ. ಕೂಡಲೇ ಎತ್ತಿಬಿಡಿ.

ಇನ್ನು ಬಂದ ಹೊಳಪು ಹೋಗುತ್ತದಾ? ಇದಕ್ಕೆ ಒಂದೇ ಉತ್ತರ ಇಲ್ಲ, ಪರೀಕ್ಷೆ ಮಾಡಿಯೇ ತಿಳಿಯಬೇಕು. ಪ್ಯಾಂಟನ್ನು ಮಡಿಸಿದ ಕಂಬಳಿಯ ಮೇಲೆ ಹಾಸಿ. ಹಳೆಯ ಕಾಟನ್ ಪಂಚೆಯ ತುಂಡನ್ನು ನೆನೆಸಿ ಚೆನ್ನಾಗಿ ಹಿಂಡಿ ಹೊಳಪಿನ ಮೇಲೆ ಹಾಕಿ. ಎರಡು ಚುಕ್ಕೆಯ ಪೆಟ್ಟಿಗೆಯನ್ನು ಅದಕ್ಕೆ ಬರೀ ತಾಗಿಸಿ, ಭಾರ ಬಿಡಬೇಡಿ. ಹಬೆ ಏಳುತ್ತದೆ. ನಾಲ್ಕೈದು ಸೆಕೆಂಡಿಗೆ ಪೆಟ್ಟಿಗೆ ಎತ್ತಿ, ತುಂಡನ್ನೂ ತೆಗೆದು, ಬಟ್ಟೆ ಇನ್ನೂ ಹಬೆಯಾಡುತ್ತಿರುವಾಗಲೇ ಮೆತ್ತಗಿನ ಬ್ರಶ್ಶಿನಿಂದ ಹಗುರಾಗಿ ಎಬ್ಬಿಸಿ. ಎರಡು ಮೂರು ಸಲ ಹೀಗೆ ಮಾಡಿ, ತಣ್ಣಗಾಗಲು ಬಿಟ್ಟು, ಮತ್ತೆ ಕಿಟಕಿ ಹತ್ತಿರ ನೋಡಿ.

ಹೊಳಪು ಕಡಿಮೆಯಾಗಿದ್ದರೆ, ಅಲ್ಲಿ ಮಲಗಿದ್ದದ್ದು ಹೆಚ್ಚಾಗಿ ವಿಸ್ಕೋಸ್ ಎಳೆ. ಅದು ನೀರು ಕುಡಿದು ಉಬ್ಬಿ ಎದ್ದಿದೆ. ಉಣ್ಣೆಯ ಕೋಟಿನ ಹೊಳಪಿಗೂ ಇದೇ ಮದ್ದು, ಅಲ್ಲಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಪಾಲಿಯೆಸ್ಟರ್ ನೀರನ್ನು ಹೆಚ್ಚುಕಡಿಮೆ ಕುಡಿಯುವುದೇ ಇಲ್ಲ, ಅದರ ತೂಕದ ಶೇಕಡಾ ಅರ್ಧದಷ್ಟೂ ಇಲ್ಲ. ಚಪ್ಪಟೆಯಾದ ಪಾಲಿಯೆಸ್ಟರ್ ಎಳೆ ಹಬೆಗೆ ಏಳುವುದಿಲ್ಲ. ಬೆರಳಿಗೆ ಗಡುಸಾಗಿ, ಪ್ಲಾಸ್ಟಿಕ್ ಹಾಳೆ ಮುಟ್ಟಿದ ಹಾಗೆ ಅನಿಸಿದರೆ ಎಳೆಗಳು ಒಂದಕ್ಕೊಂದು ಅಂಟಿವೆ. ಅದನ್ನು ಯಾರೂ ಸರಿ ಮಾಡಲಾರರು, ದುಡ್ಡು ಕೊಟ್ಟರೂ. ವಿನೆಗರ್ ಹಚ್ಚಿ ಅಂತ ಹೇಳುವವರಿದ್ದಾರೆ. ವಿನೆಗರ್ ಪಾಲಿಯೆಸ್ಟರನ್ನು ಮತ್ತೆ ದುಂಡಗೆ ಮಾಡುವುದಿಲ್ಲ. ನೀವು ಬರೆದದ್ದು ನೋಡಿದರೆ ಮಡಿಕೆಯ ಹೊಳಪು ಸ್ವಲ್ಪ ಇಳಿಯಬಹುದು, ಜೇಬಿನ ಗೆರೆ ಉಳಿಯಬಹುದು ಅಂತ ನನ್ನ ಅಂದಾಜು.

ಕಾಲರಿನ ಕಂದು ಕಲೆಯ ಕತೆ ಬೇರೆ. ಪಾಲಿಯೆಸ್ಟರ್ ಕಂದಾಗುವ ಮೊದಲೇ ಕರಗುತ್ತದೆ. ಹಾಗಾಗಿ ಮಿಶ್ರ ಶರ್ಟಿನಲ್ಲಿ ಕಂದು ಕಂಡರೆ ಅದು ಹತ್ತಿಯ ಪಾಲು ಸೀದದ್ದು, ಇಲ್ಲವಾದರೆ ಬಟ್ಟೆಯಲ್ಲಿ ಉಳಿದ ಬೇರೇನೋ ಸೀದದ್ದು. ಸರಿಯಾಗಿ ಜಾಲಿಸದೆ ಉಳಿದ ಸೋಪು, ಬೆವರಿನ ಜಿಡ್ಡು, ಗಂಜಿ, ಇವೆಲ್ಲ ಹತ್ತಿಗಿಂತ ಬೇಗ ಬಣ್ಣ ತಿರುಗುತ್ತವೆ. ಸೋಪಿನ ಕ್ಷಾರ ಉಳಿದಿದ್ದರೆ ಹತ್ತಿಯೂ ಬೇಗ ಹಳದಿಯಾಗುತ್ತದೆ. ಕಾಲರಿನಲ್ಲಿ ಬೆವರು ಜಾಸ್ತಿ, ಪದರವೂ ಜಾಸ್ತಿ, ಒಣಗುವುದೂ ತಡ. ಜೇಬಿನದೇ ಲೆಕ್ಕ. ಇನ್ನೊಂದು ಸಾಧ್ಯತೆ ಪೆಟ್ಟಿಗೆಯ ತಳದ್ದು. ಹಿಂದೆ ಕರಗಿ ಅಂಟಿದ ಪಾಲಿಯೆಸ್ಟರೋ ಗಂಜಿಯೋ ಅಲ್ಲಿ ಕರಟಿ ಕೂತಿದ್ದು ಬಿಳಿ ಬಟ್ಟೆಗೆ ಒರೆಸಿಕೊಳ್ಳುತ್ತದೆ. ಬಿಸಿ ಪೆಟ್ಟಿಗೆಯನ್ನು ಒಂದು ಹಳೆ ಬಿಳಿ ಬೈರಾಸಿನ ಮೇಲೆ ನಾಲ್ಕು ಸಲ ಓಡಿಸಿ ನೋಡಿ. ಗೆರೆ ಬಿದ್ದರೆ ಕಳ್ಳ ಸಿಕ್ಕಿದ.

ಕಲೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಎಳೆ ಪುಡಿಯಾಗಿ ಉದುರಿದರೆ ಹತ್ತಿ ಸತ್ತಿದೆ, ಏನೂ ಮಾಡುವ ಹಾಗಿಲ್ಲ. ಎಳೆ ಗಟ್ಟಿಯಾಗಿದ್ದು ಬಣ್ಣ ತಿಳಿ ಕಂದು, ಹಳದಿ ಇದ್ದರೆ ಮೊದಲು ಸೋಪು ಹಾಕಿ ಒಗೆದು ಚೆನ್ನಾಗಿ ಜಾಲಿಸಿ. ಉಳಿದ ಕಲೆಗೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಬಾಟಲಿಯ ಮೇಲೆ 6% ಅಂತ ಇದ್ದರೆ ಅಷ್ಟೇ ನೀರು ಬೆರೆಸಿ 3% ಮಾಡಿಕೊಳ್ಳಿ. ಒದ್ದೆ ಕಾಲರಿಗೆ ಹತ್ತಿಯಲ್ಲಿ ಅದ್ದಿ ಹಚ್ಚಿ, ಅರ್ಧ ಗಂಟೆ ಬೆಳಕಿನಲ್ಲಿಡಿ, ನೀರಿನಲ್ಲಿ ಜಾಲಿಸಿ. ಬೇಕಾದರೆ ಇನ್ನೊಮ್ಮೆ. ಇದು ಬಿಳಿ ಬಟ್ಟೆಗೆ ಮಾತ್ರ, ನೇವಿ ಪ್ಯಾಂಟಿಗೆ ತಾಗಿಸಬೇಡಿ, ಬಣ್ಣ ಹೋಗುತ್ತದೆ.

ನಾಳೆಯಿಂದ ಏನು ಮಾಡಬೇಕು ಅಂದರೆ, ನೀರನ್ನು ತೆಗೆಯುವ ಕೆಲಸ ಪೆಟ್ಟಿಗೆಗೆ ಬೇಡ. ರಾತ್ರಿಯೇ ಪ್ಯಾಂಟನ್ನು ಒಣ ಬೈರಾಸಿನಲ್ಲಿ ಸುತ್ತಿ ಒತ್ತಿ ಹಿಂಡಿ. ಆಮೇಲೆ ಒಳಹೊರಗೆ ಮಾಡಿ, ಜೇಬುಗಳನ್ನು ಹೊರಗೆ ಎಳೆದು, ಸೊಂಟದಿಂದ ತೂಗಿಸಿ ಫ್ಯಾನಿನ ಕೆಳಗೆ ಬಿಡಿ. ಮಳೆಯ ಗಾಳಿಯಲ್ಲೂ ಓಡುವ ಗಾಳಿ ಬಹಳ ನೀರು ಎಳೆಯುತ್ತದೆ. ಜೇಬು ಹೊರಗೆಳೆಯುವುದೇ ಇಲ್ಲಿ ಮುಖ್ಯ. ಆ ಐದು ಪದರ ಬಿಡಿಬಿಡಿಯಾದರೆ ಬೆಳಿಗ್ಗೆಗೆ ಪ್ಯಾಂಟ್ ಬರೀ ತಂಪು ತಂಪಾಗಿರುತ್ತದೆ. ಅಷ್ಟಿದ್ದರೆ ಸಾಕು.

ಬೆಳಿಗ್ಗೆ ಮೊದಲು ಒಳಮೈಯಿಂದ ಜೇಬು, ಹೊಲಿಗೆ, ಸೊಂಟಪಟ್ಟಿ ಮುಗಿಸಿ. ಹೊಲಿಗೆಯ ಒಳಬಟ್ಟೆಯ ಕೆಳಗೆ ಒಂದು ಪಟ್ಟಿ ದಪ್ಪ ಕಾಗದ ತೂರಿಸಿ ಒತ್ತಿದರೆ ಅದರ ಅಚ್ಚು ಹೊರಮೈಗೆ ಬರುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಹೀಗೆ ಮಾಡುತ್ತೇವೆ. ಆಮೇಲೆ ಹೊರಮೈಗೆ ತಿರುಗಿಸಿ, ಮಡಿಕೆ ಗೆರೆಗೆ ಮಾತ್ರ, ನಡುವೆ ತೆಳು ಕಾಟನ್ ತುಂಡು ಹಾಕಿ ಇಸ್ತ್ರಿ ಹಾಕಿ. ತುಂಡು ಸ್ವಲ್ಪ ಒದ್ದೆಯಿರಲಿ. ಅದು ಒಣಗಿತು ಅನಿಸಿದ ಕೂಡಲೇ ಪೆಟ್ಟಿಗೆ ಎತ್ತಿ. ಮೇಲೆ ಹೇಳಿದ ನೀರಿನ ಕಾವಲನ್ನು ನೀವು ಈ ತುಂಡಿಗೆ ಒಪ್ಪಿಸಿದ ಹಾಗೆ. ಗೆರೆ ತಣ್ಣಗಾಗುವವರೆಗೆ ಪ್ಯಾಂಟ್ ಎತ್ತಬೇಡಿ, ಇಲ್ಲವಾದರೆ ಅಷ್ಟು ಮಾಡಿದ ಗೆರೆ ಸಡಿಲಾಗುತ್ತದೆ.

ನಿಮ್ಮ ಪೆಟ್ಟಿಗೆ ಹಳೆಯದಾದರೆ ಅದರ ಗುಂಡಿ ಹೇಳುವ ಬಿಸಿಯನ್ನು ಪೂರ್ತಿ ನಂಬಬೇಡಿ. ಮೊದಲ ಸಲ ಕಾಯುವಾಗ ಪೆಟ್ಟಿಗೆ ಗುರಿ ದಾಟಿ ಮೇಲೆ ಹೋಗಿ ಆಮೇಲೆ ಇಳಿಯುತ್ತದೆ. ಲೈಟು ಎರಡು ಸಲ ಆರಿ ಹೊತ್ತಿದ ಮೇಲೆ ಶುರು ಮಾಡಿ. ಕಾಟನ್‌ನಿಂದ ಕೆಳಗೆ ತಿರುಗಿಸಿದರೆ ತಳ ತಣ್ಣಗಾಗಲು ನಿಮಿಷಗಟ್ಟಲೆ ಬೇಕು. ಆದ್ದರಿಂದ ಯೂನಿಫಾರ್ಮ್ ಮೊದಲು, ಅಮ್ಮನ ಸೀರೆ ಕೊನೆಗೆ.

ಬಿಸಿ ನೋಡಲು ನೀರ್ ದೋಸೆ ಹುಯ್ಯುವ ಮೊದಲು ಕಾವಲಿಗೆ ನೀರು ಚಿಮುಕಿಸುತ್ತೀರಲ್ಲ, ಅದನ್ನೇ ಮಾಡಿ. ಪ್ಲಗ್ ಕಿತ್ತು, ಪೆಟ್ಟಿಗೆಯನ್ನು ಹಿಮ್ಮಡಿಯ ಮೇಲೆ ನಿಲ್ಲಿಸಿ, ಬೆರಳ ತುದಿಯಿಂದ ತಳಕ್ಕೆ ಒಂದೆರಡು ಹನಿ ಚಿಮುಕಿಸಿ. ಹನಿ ಅಂಟಿಕೊಂಡು ಚುರ್ ಎಂದು ಆರಿದರೆ ಹೆಚ್ಚಾಗಿ ಪ್ಯಾಂಟಿಗೆ ನಡೆಯುತ್ತದೆ. ಹನಿ ಅಂಟದೆ ಮುತ್ತಿನ ಹಾಗೆ ಉರುಳಿ ಬಿದ್ದರೆ ತಳ ಸೀರೆಯ ಬಿಸಿಯಲ್ಲಿದೆ, ಕಾಯಿರಿ. ನಾನ್‌ಸ್ಟಿಕ್ ತಳದ ಪೆಟ್ಟಿಗೆಯಲ್ಲಿ ಈ ಲೆಕ್ಕ ಹಿಡಿಯಬೇಡಿ, ಅಲ್ಲಿ ನೀರು ಹೇಗೂ ಉರುಳುತ್ತದೆ. ಅಂಥದ್ದಕ್ಕೆ ಪ್ಯಾಂಟ್ ಮೊಟಕು ಮಾಡಿದಾಗ ದರ್ಜಿ ಕೊಟ್ಟ ತುಂಡಿದ್ದರೆ ಅದರ ಮೇಲೆ, ಇಲ್ಲವಾದರೆ ಕಾಲಿನ ಒಳಮಡಿಕೆಯ ಮೇಲೆ ಹತ್ತು ಸೆಕೆಂಡು ಒತ್ತಿ, ಕಿಟಕಿ ಹತ್ತಿರ ಓರೆಯಾಗಿ ಹಿಡಿದು ನೋಡಿ. ಅಲ್ಲಿ ಮಿಂಚದಿದ್ದರೆ ಜೇಬಿನ ಮೇಲೆ ಹೋಗಿ.